ಅಗ್ಗಿಷ್ಟಿಕೆ ಹೊತ್ತಿಸಿದವರು ಯಾರು? ಜೆಫರ್ಸನ್ ದಿನಚರಿ ಜೋಡಿಸಿದ ಕೆಲಸದ ದಾಖಲೆ

ಅಮೆರಿಕದ ಮೂರನೇ ಅಧ್ಯಕ್ಷ ಥಾಮಸ್ ಜೆಫರ್ಸನ್ (1743–1826) ಎಷ್ಟು ಹೊತ್ತಿಗೆ ಏಳುತ್ತಿದ್ದ, ಏನು ತಿನ್ನುತ್ತಿದ್ದ, ಎಷ್ಟು ಕುಡಿಯುತ್ತಿದ್ದ ಎಂಬುದನ್ನು ಒಂದು ಹಾಳೆಗೆ ಇಳಿಸುವುದು ಇಲ್ಲಿಯ ಕೆಲಸ. ಸಾಮಗ್ರಿ ಎರಡು ಬಗೆಯದು: ಮನೆಯ ಆಳುಗಳು ಮುಪ್ಪಿನಲ್ಲಿ ಹೇಳಿದ ನೆನಪುಗಳು, ಮತ್ತು ಮನೆಯ ಜಮಾಖರ್ಚಿನ ಪುಸ್ತಕಗಳು. ಹಾಳೆ ಬಹುಮಟ್ಟಿಗೆ ತುಂಬಿದೆ. ಒಂದು ಸಾಲು ಮಾತ್ರ ಕೂಡುತ್ತಿಲ್ಲ. ಅದು ಆರನೇ ಹಂತದಲ್ಲಿದೆ.

ಹಂತ 1: ಸಾಮಗ್ರಿ

ನೆನಪುಗಳು ನಾಲ್ಕು. ಐಸಾಕ್ ಜೆಫರ್ಸನ್ ಗುಲಾಮನಾಗಿ ಹುಟ್ಟಿ ಕಮ್ಮಾರಿಕೆ, ತವರದ ಕೆಲಸ ಕಲಿತವನು. 1847ರಲ್ಲಿ ವರ್ಜೀನಿಯಾದ ಪೀಟರ್ಸ್‌ಬರ್ಗ್‌ನಲ್ಲಿ ಅವನು ಹೇಳಿದ್ದನ್ನು ಚಾರ್ಲ್ಸ್ ಕ್ಯಾಂಪ್‌ಬೆಲ್ ಬರೆದುಕೊಂಡ. ಎಡ್ಮಂಡ್ ಬೇಕನ್ ಬಿಳಿಯ, ವರ್ಜೀನಿಯಾದಲ್ಲಿ ಜೆಫರ್ಸನ್ ಮನೆಯಿದ್ದ ಮಾಂಟಿಸೆಲೊ ಎಸ್ಟೇಟಿನ ಮೇಲ್ವಿಚಾರಕ. ಕೆಂಟಕಿಯಲ್ಲಿ ಅವನು ಹೇಳಿದ ನೆನಪುಗಳು 1862ರಲ್ಲಿ ಅಚ್ಚಾದವು. ಮ್ಯಾಡಿಸನ್ ಹೆಮಿಂಗ್ಸ್ ಮತ್ತು ಇಸ್ರೇಲ್ ಜೆಫರ್ಸನ್ ಇಬ್ಬರೂ ಮಾಂಟಿಸೆಲೊದ ಗುಲಾಮಗಿರಿಯಿಂದ ಹೊರಬಂದು ಓಹಾಯೋದಲ್ಲಿ ನೆಲೆಸಿದವರು. ಅವರ ಮಾತುಗಳು ಅಲ್ಲಿಯ ಒಂದೇ ಪತ್ರಿಕೆಯಲ್ಲಿ 1873ರಲ್ಲಿ ಬಂದವು.

ಲೆಕ್ಕಪುಸ್ತಕಗಳು ಮೂರು. ಜೆಫರ್ಸನ್ ತಾನೇ 1767ರಿಂದ 1826ರವರೆಗೆ ಬಿಡದೆ ಬರೆದ ಖರ್ಚಿನ ಟಿಪ್ಪಣಿ ಮೊದಲನೆಯದು. ಎರಡನೆಯದು ವಾಷಿಂಗ್ಟನ್‌ನ ಅಧ್ಯಕ್ಷ ಭವನದಲ್ಲಿ ಮನೆವಾರ್ತೆ ನೋಡುತ್ತಿದ್ದ ಫ್ರೆಂಚ್ ವ್ಯಕ್ತಿ ಎತಿಯೆನ್ ಲೆಮೇರ್ ಇಟ್ಟ ಮಾರುಕಟ್ಟೆಯ ಕಿರ್ದಿ (1806–1809). ಮೂರನೆಯದು ಮೊಮ್ಮಗಳು ಆ್ಯನ್ ಕ್ಯಾರಿ ರ‍್ಯಾಂಡಾಲ್ಫ್ 1805ರಿಂದ 1808ರವರೆಗೆ ಮಾಂಟಿಸೆಲೊದಲ್ಲಿ ಬರೆದ ಮನೆಲೆಕ್ಕ.

ತಾಳೆ ನೋಡಲು ಎರಡು ಕಾಗದ ಪಕ್ಕದಲ್ಲಿರಬೇಕು. ಒಂದು, 1819ರ ಮಾರ್ಚ್ 21ರಂದು ಜೆಫರ್ಸನ್ ತನ್ನ ಊಟ, ನಿದ್ದೆ, ಅಭ್ಯಾಸಗಳ ಬಗ್ಗೆ ವೈನ್ ಅಟ್ಲಿ ಎಂಬ ವೈದ್ಯನಿಗೆ ಬರೆದ ಪತ್ರ. ಇನ್ನೊಂದು, 1824ರ ಡಿಸೆಂಬರಿನಲ್ಲಿ ಮಾಂಟಿಸೆಲೊದಲ್ಲಿ ಉಳಿದಿದ್ದ ಡೇನಿಯಲ್ ವೆಬ್‌ಸ್ಟರ್ ಮಾಡಿಕೊಂಡ ಟಿಪ್ಪಣಿ.

ಖರ್ಚು ಹೆಚ್ಚಿಲ್ಲ. ಜೆಫರ್ಸನ್‌ನ ಖರ್ಚಿನ ಟಿಪ್ಪಣಿಯೂ ಪತ್ರಗಳೂ founders.archives.gov ತಾಣದಲ್ಲಿ ಉಚಿತವಾಗಿ ಸಿಗುತ್ತವೆ, ಬೇಕನ್ ಪುಸ್ತಕದ ಹಕ್ಕುಸ್ವಾಮ್ಯ ಎಂದೋ ಮುಗಿದಿದೆ. ಇನ್ನು ಬೇಕಾದದ್ದು ಒಂದು ಸ್ಪ್ರೆಡ್‌ಶೀಟ್ ಮತ್ತು ತಾಳ್ಮೆ. ಲೆಮೇರ್ ಕಿರ್ದಿ ಮಾತ್ರ ಕಷ್ಟ. ಫ್ರೆಂಚ್ ಪದಗಳನ್ನು ಅವನು ಕಿವಿಗೆ ಬಿದ್ದಂತೆ ಬರೆದಿದ್ದಾನೆ, ಹಾಗಾಗಿ ನಿಘಂಟು ಹಿಡಿದು ಕೂತರೆ ಪದ ಸಿಗುವುದಿಲ್ಲ, ಗಟ್ಟಿಯಾಗಿ ಉಚ್ಚರಿಸಿಕೊಂಡು ಓದಿದರೆ ಸಿಗುತ್ತದೆ.

ಹಂತ 2: ಮೊದಲ ಹಾಳೆ, ಹರಿದು ಹಾಕಿದ್ದು

ಮೊದಲ ಪ್ರಯತ್ನದಲ್ಲಿ ಹಾಳೆಯನ್ನು ಹೊತ್ತಿನ ಪ್ರಕಾರ ವಿಂಗಡಿಸಿತ್ತು: ಮುಂಜಾನೆ, ತಿಂಡಿ, ಸವಾರಿ, ಊಟ, ರಾತ್ರಿ. ಯಾರು ಏನು ಹೇಳಿದರೂ ಆಯಾ ಹೊತ್ತಿನ ಕೆಳಗೆ ಸೇರಿಸುತ್ತ ಹೋಗಿದ್ದು. ಹಾಳೆ ಬೇಗ ತುಂಬಿತು, ನೋಡಲೂ ಚೆನ್ನಾಗಿತ್ತು, ಆದರೆ ಪೂರ್ತಿ ತಪ್ಪು. ಮಧ್ಯಾಹ್ನದ ನಂತರ ಪಿಟೀಲು ನುಡಿಸುತ್ತಿದ್ದ ಎನ್ನುವುದು ಐಸಾಕ್ ಮಾತು, ಆ ಜೆಫರ್ಸನ್ ನಡುವಯಸ್ಸಿನವನು. ರಾತ್ರಿ ಒಂಬತ್ತಕ್ಕೆ ಮಲಗಲೇಬೇಕು ಎನ್ನುವುದು ವೆಬ್‌ಸ್ಟರ್ ಮಾತು, ಆ ಜೆಫರ್ಸನ್‌ಗೆ ಎಂಬತ್ತೊಂದು. ಎರಡನ್ನೂ ಒಂದೇ ದಿನದೊಳಗೆ ಕೂರಿಸಿದಾಗ ಎಂದೂ ಬದುಕಿರದ ಒಬ್ಬ ಮನುಷ್ಯ ತಯಾರಾಗಿದ್ದ.

ಎರಡನೇ ಹಾಳೆಯನ್ನು ಸಾಕ್ಷಿಯ ಪ್ರಕಾರ ಹಾಕಲಾಯಿತು. ಪ್ರತಿ ಹೇಳಿಕೆಯ ಎದುರು ನಾಲ್ಕು ಮನೆ: ಹೇಳಿದವನು ಯಾವ ವರ್ಷದಿಂದ ಯಾವ ವರ್ಷದವರೆಗೆ ಅಲ್ಲಿದ್ದ, ಆಗ ಅವನ ವಯಸ್ಸೆಷ್ಟು, ಯಾವ ಕೆಲಸದಲ್ಲಿದ್ದ, ಎಷ್ಟು ವರ್ಷದ ನಂತರ ಹೇಳಿದ. ಹೊತ್ತಿನ ವಿಂಗಡಣೆ ಇದಾದ ಮೇಲೆ.

ಈ ನಾಲ್ಕು ಮನೆ ತುಂಬಿಸುವಾಗಲೇ ಅರ್ಧ ಕಸ ಜರಡಿಯಲ್ಲಿ ಉಳಿಯುತ್ತದೆ. ಬೇಕನ್ ತಾನು ಇಪ್ಪತ್ತು ವರ್ಷ ಅಲ್ಲಿದ್ದೆ ಎನ್ನುತ್ತಾನೆ. ದಾಖಲೆಯಲ್ಲಿ ಅವನು ಮೇಲ್ವಿಚಾರಕನಾಗಿ ಸಿಗುವುದು 1806ರಿಂದ 1822ರವರೆಗೆ, ಹದಿನಾರು ವರ್ಷ. ಅವನು ಸುಳ್ಳುಗಾರನೆಂದು ಇದರಿಂದ ಹೇಳಲಾಗದು. ನಲವತ್ತು ವರ್ಷದ ಮೇಲೆ ಯಾರ ಲೆಕ್ಕವೂ ದುಂಡಗಾಗುತ್ತದೆ. ಆದರೆ 1806ಕ್ಕೆ ಮುಂಚಿನ ಸಂಗತಿಯನ್ನು ಅವನು ಹೇಳಿದರೆ ಅದು ಕೇಳಿದ ಮಾತು ಎಂದು ಗುರುತು ಹಾಕಬೇಕು. ಐಸಾಕ್ ಹುಟ್ಟಿದ್ದು 1775ರಲ್ಲಿ. ಜೆಫರ್ಸನ್ ಹೆಂಡತಿ ಮಾರ್ತಾ ಅಡುಗೆಪುಸ್ತಕ ಕೈಯಲ್ಲಿ ಹಿಡಿದು ಬಂದು, ಕೇಕು ಮಾಡುವುದು ಹೇಗೆಂದು ತನ್ನ ತಾಯಿಗೆ ಓದಿ ಹೇಳುತ್ತಿದ್ದಳು ಎನ್ನುತ್ತಾನೆ. ಮಾರ್ತಾ ತೀರಿಕೊಂಡದ್ದು 1782ರಲ್ಲಿ, ಆಗ ಅವನಿಗೆ ಆರು ವರ್ಷ. ಆರು ವರ್ಷದ ಹುಡುಗ ಅಡುಗೆಮನೆಯಲ್ಲಿ ತಾಯಿಯ ಪಕ್ಕದಲ್ಲಿ ಕಂಡ ದೃಶ್ಯ ಮನಸ್ಸಿನಲ್ಲಿ ಉಳಿಯುವಂಥದು, ಅದನ್ನು ಇಟ್ಟುಕೊಳ್ಳಬಹುದು. ಊಟಕ್ಕೆ ಎಂಟರಿಂದ ಮೂವತ್ತೆರಡು ಬಗೆ ಬರುತ್ತಿತ್ತು ಎಂಬ ಅವನ ಅಂಕಿಯನ್ನು ಅಷ್ಟೇ ಭರವಸೆಯಿಂದ ಇಟ್ಟುಕೊಳ್ಳಲಾಗದು.

ಮೂರನೇ ಮನೆ, ಅಂದರೆ ಕೆಲಸ, ಎಲ್ಲಕ್ಕಿಂತ ಬೆಲೆಯುಳ್ಳದ್ದು. ಲೋಹದ ಕೆಲಸದ ಐಸಾಕ್‌ಗೆ ಜೆಫರ್ಸನ್ ಕಂಡದ್ದು ಬೀಗ, ಕೀಲಿಕೈ, ಸಣ್ಣ ಸರಪಳಿ ಮಾಡುವುದರಲ್ಲಿ ಕೈ ಪಳಗಿದವನಾಗಿ. ಬಡಗಿಯಾಗಿ ಬೆಳೆದ ಮ್ಯಾಡಿಸನ್ ಹೆಮಿಂಗ್ಸ್‌ಗೆ ಕಂಡದ್ದು ಹೊಲದ ಗೊಡವೆ ಅಷ್ಟಾಗಿ ಇಲ್ಲದ, ಕುಶಲಕರ್ಮಿಗಳ ಕೆಲಸದಲ್ಲಿ ಮುಳುಗಿರುತ್ತಿದ್ದ ಯಜಮಾನ. ಮೇಲ್ವಿಚಾರಕ ಬೇಕನ್‌ಗೆ ಕಂಡದ್ದು ಕುದುರೆ, ತೋಟ, ಮಾಂಸದ ಅಳತೆ. ಪ್ರತಿಯೊಬ್ಬನೂ ತನ್ನ ಕೆಲಸದ ಬಾಗಿಲಲ್ಲಿ ಬಂದು ನಿಂತ ಜೆಫರ್ಸನ್‌ನನ್ನು ಕಂಡಿದ್ದಾನೆ. ಹೇಳಿಕೆಯ ತೂಕ ಅವನು ನಿಂತ ಜಾಗಕ್ಕೆ ಸರಿಯಾಗಿ ಏರಬೇಕು, ಇಳಿಯಬೇಕು. ಅಡುಗೆಮನೆಯ ಗಡಿಯಾರಕ್ಕೆ ಕೀಲಿ ಕೊಡಲು ಬಿಟ್ಟರೆ ಜೆಫರ್ಸನ್ ಅಡುಗೆಮನೆಗೇ ಬರುತ್ತಿರಲಿಲ್ಲ ಎಂದು ಐಸಾಕ್ ಹೇಳುವುದು ಇದೇ ಕಾರಣಕ್ಕೆ ಅಪ್ಪಟ ಸಾಕ್ಷಿ: ಅವನ ತಾಯಿ ಅರ್ಸುಲಾ ಅದೇ ಅಡುಗೆಮನೆಯಲ್ಲಿ ದುಡಿದವಳು.

ಹಂತ 3: ಮೊಟ್ಟೆಯ ಲೆಕ್ಕ, ಎರಡು ಸಲ ತಪ್ಪಿದ್ದು

ಆ್ಯನ್ ಕ್ಯಾರಿ ಬರೆದ ಲೆಕ್ಕದಲ್ಲಿ ಕೋಳಿ, ಮೊಟ್ಟೆ, ತರಕಾರಿ ಮತ್ತೆ ಮತ್ತೆ ಬರುತ್ತವೆ. ಅವನ್ನು ಮಾರಿದವರು ಅಲ್ಲಿಯ ಗುಲಾಮರೇ. ದಿನವಿಡೀ ಯಜಮಾನನ ಕೆಲಸ ಮುಗಿಸಿ, ತಮ್ಮ ಗುಡಿಸಿಲ ಪಕ್ಕದ ತುಂಡು ನೆಲದಲ್ಲಿ ಬೆಳೆದದ್ದನ್ನು, ಸಾಕಿದ್ದನ್ನು ದೊಡ್ಡಮನೆಗೆ ತಂದು ಮಾರುತ್ತಿದ್ದರು. ಮೊಟ್ಟೆಗಳನ್ನು ಕೂಡಿಸಿ, ವಾರಗಳಿಂದ ಭಾಗಿಸಿ, ‘ಜೆಫರ್ಸನ್ ಮನೆಯ ವಾರದ ಮೊಟ್ಟೆ’ ಎಂದು ಬರೆದದ್ದು ಮೊದಲ ತಪ್ಪು. 1805ರಿಂದ 1808ರವರೆಗೆ ಜೆಫರ್ಸನ್ ಅಧ್ಯಕ್ಷ, ವರ್ಷದ ಬಹುಪಾಲು ವಾಷಿಂಗ್ಟನ್‌ನಲ್ಲಿ. ಬೇಸಿಗೆಯ ಕೊನೆಯ ಎರಡು ತಿಂಗಳು ಮತ್ತು ವಸಂತದಲ್ಲಿ ಕೆಲವು ದಿನ ಮಾತ್ರ ಮಾಂಟಿಸೆಲೊದಲ್ಲಿ. ಹೀಗಾಗಿ ಆ ಮೊಟ್ಟೆಗಳಲ್ಲಿ ಹೆಚ್ಚಿನವು ಅವನಿಲ್ಲದ ದಿನಗಳವು.

ಎರಡನೇ ಸಲ, ಅವನು ಊರಲ್ಲಿದ್ದ ದಿನಾಂಕಗಳನ್ನು ಖರ್ಚಿನ ಟಿಪ್ಪಣಿಯಿಂದ ತೆಗೆದು ಅಷ್ಟನ್ನೇ ಕೂಡಿಸಿದ್ದು. ದಾರಿಯ ಹೋಟೆಲು, ದೋಣಿಗಟ್ಟೆಗಳಲ್ಲಿ ಕೊಟ್ಟ ದುಡ್ಡನ್ನು ಅವನು ಬಿಡದೆ ಬರೆದಿರುವುದರಿಂದ ಹೊರಟ ದಿನ, ತಲುಪಿದ ದಿನ ಸಲೀಸಾಗಿ ಸಿಗುತ್ತವೆ. ಆದರೂ ಲೆಕ್ಕ ತಪ್ಪೇ. ಕೊಂಡದ್ದು ಮಾತ್ರ ಪುಸ್ತಕದಲ್ಲಿದೆ, ಎಸ್ಟೇಟಿನಲ್ಲೇ ಆದದ್ದು ಇಲ್ಲ. ಯಜಮಾನನ ತೋಟದಿಂದ ನೇರ ಅಡುಗೆಮನೆಗೆ ಹೋದ ಬಟಾಣಿಗೆ ದುಡ್ಡಿಲ್ಲ, ದುಡ್ಡಿಲ್ಲದ್ದಕ್ಕೆ ಸಾಲೂ ಇಲ್ಲ. ಅದನ್ನು ಹುಡುಕಬೇಕಾದದ್ದು ಜೆಫರ್ಸನ್ ತೋಟದ ಪುಸ್ತಕದಲ್ಲಿ. ಯಾವ ಮಡಿ ಎಂದು ಬಿತ್ತಿದ್ದು, ಎಂದು ‘ಊಟದ ಮೇಜಿಗೆ ಬಂದದ್ದು’ ಎಂದು ಅಲ್ಲಿ ಬರೆದಿಟ್ಟಿದ್ದಾನೆ.

ಅಲ್ಲಿಗೆ ಮೊಟ್ಟೆಯ ಸಂಖ್ಯೆಯನ್ನು ಹಾಳೆಯಿಂದ ತೆಗೆಯಲಾಯಿತು. ಯಾವ ತಿಂಗಳಲ್ಲಿ ಏನು ಕೊಳ್ಳುತ್ತಿದ್ದರು ಎಂಬ ಋತುಮಾನದ ಮಾಹಿತಿಗೆ ಮಾತ್ರ ಆ ಲೆಕ್ಕ ಉಪಯೋಗಕ್ಕೆ ಬಂತು. ಕಾಫಿಯದ್ದೂ ಇದೇ ಕತೆ. ನಿವೃತ್ತಿಯ ವರ್ಷಗಳಲ್ಲಿ ಮಾಂಟಿಸೆಲೊಗೆ ದಿನಕ್ಕೆ ಒಂದು ಪೌಂಡು ಕಾಫಿ ಬೇಕಾಗುತ್ತಿತ್ತು ಎಂಬುದು ಜೆಫರ್ಸನ್‌ನದೇ ಅಂದಾಜು. ಅದು ಮಗಳು, ಮೊಮ್ಮಕ್ಕಳು, ಬಂದು ಹೋಗುವವರಿಂದ ತುಂಬಿದ ಮನೆಯ ಕಾಫಿ. ಅವನ ಪಾಲಿಗೆ ಬರೆಯಬಹುದಾದದ್ದು ಇಷ್ಟೇ: ಬೆಳಗಿನ ತಿಂಡಿಗೆ ಚಹಾ, ಕಾಫಿ, ಊಟದ ನಂತರ ಮತ್ತೆ ಕಾಫಿ.

ಹಂತ 4: ಐವತ್ತು ಡಾಲರಿನ ಮಾರುಕಟ್ಟೆ

ಬೇಕನ್ ಬೆಳಗ್ಗೆ ನಾಲ್ಕಕ್ಕೇ ಏಳುವವನು. ವಾಷಿಂಗ್ಟನ್‌ಗೆ ಹೋದಾಗ ಲೆಮೇರ್ ಜೊತೆ ಗಾಡಿಯಲ್ಲಿ ಜಾರ್ಜ್‌ಟೌನ್ ಮಾರುಕಟ್ಟೆಗೆ ಹೋಗುತ್ತಿದ್ದ. ಒಂದು ದಿನದ ಸಾಮಾನಿಗೆ ಎಷ್ಟೋ ಸಲ ಐವತ್ತು ಡಾಲರ್ ಬೀಳುತ್ತಿತ್ತು ಎಂದು ಹೇಳುತ್ತಾನೆ. ಜೆಫರ್ಸನ್ ಬಗ್ಗೆ ಬರೆಯುವವರು ಈ ಅಂಕಿಯನ್ನು ಎತ್ತಿಕೊಳ್ಳುವುದುಂಟು. ಕೂಡಿಸಿ ನೋಡಿದರೆ ಹೀಗೆ:

```
50 x 365 = 18250
```

ಅಧ್ಯಕ್ಷನ ಸಂಬಳ ವರ್ಷಕ್ಕೆ 25,000 ಡಾಲರ್. ಆಳುಗಳ ಸಂಬಳ, ಲಾಯ, ಸೌದೆ, ಬಟ್ಟೆ, ದಾನ, ಸಾಲ ಎಲ್ಲವೂ ಅದರಲ್ಲೇ. ಅಧಿಕಾರದ ಮೊದಲ ವರ್ಷದ ಖರ್ಚನ್ನು ಜೆಫರ್ಸನ್ ತಾನೇ ಬಾಬತ್ತಿನ ಪ್ರಕಾರ ಬಿಡಿಸಿಟ್ಟಿದ್ದಾನೆ. ಅದರಲ್ಲಿ ಆಹಾರ ಪದಾರ್ಥಕ್ಕೆ ಹೋದದ್ದು ನಾಲ್ಕೈದು ಸಾವಿರ ಡಾಲರ್. 4,500 ಎಂದೇ ಹಿಡಿದು, ಅವನು ಊರಿನಲ್ಲಿಲ್ಲದ ದಿನಗಳನ್ನು ಕಳೆದು 280 ದಿನ ಎಂದುಕೊಂಡರೆ ದಿನಕ್ಕೆ ಹದಿನಾರು ಡಾಲರ್.

ಹಾಗಾದರೆ ಬೇಕನ್ ಮಾತು ಬಿಸಾಡಬೇಕೇ? ಬೇಡ. ಅವನು ಅಲ್ಲಿಗೆ ಹೋದದ್ದು ಯಾವಾಗ ಎಂದು ನೋಡಬೇಕು. 1809ರ ಮಾರ್ಚಿನಲ್ಲಿ ಅಧಿಕಾರ ಮುಗಿದು ಮನೆ ಖಾಲಿ ಮಾಡುವಾಗ ಸಾಮಾನು ಸಾಗಿಸಲು ಹೋಗಿದ್ದ. ಬೀಳ್ಕೊಡುಗೆಯ ದಿನಗಳು, ಮನೆ ತುಂಬ ಜನ. ಮದುವೆಮನೆಯ ವಾರದಲ್ಲಿ ಬಂದ ನೆಂಟ ಆ ಮನೆಯ ದಿನಸಿ ಖರ್ಚು ಹೇಳಿದಂತೆ. ಸಾಲದ್ದಕ್ಕೆ ಐವತ್ತು ಎಂಬ ಅಂಕಿ ಲೆಮೇರ್ ಬಾಯಿಂದ ಕೇಳಿದ್ದು, ಬೇಕನ್ ತಾನು ಎಣಿಸಿದ್ದಲ್ಲ. ಹಾಳೆಯಲ್ಲಿ ‘ದೊಡ್ಡ ಔತಣದ ದಿನದ ಗರಿಷ್ಠ, ಕೇಳಿದ ಮಾತು’ ಎಂದು ಉಳಿಯಿತು.

ಇಲ್ಲಿ ಕೆಲಸಕ್ಕೆ ಬರುವ ಒಂದು ಉಪಾಯ. ಊಟಕ್ಕೆ ಬಂದ ಅತಿಥಿಗಳ ಪಟ್ಟಿಯನ್ನು ಜೆಫರ್ಸನ್ 1804ರ ಕೊನೆಯಿಂದ 1809ರವರೆಗೆ ಬರೆದಿಟ್ಟಿದ್ದಾನೆ. ಲೆಮೇರ್ ಕಿರ್ದಿಯ ದಿನಾಂಕಗಳ ಪಕ್ಕದಲ್ಲಿ ಆ ಪಟ್ಟಿಯನ್ನಿಟ್ಟರೆ ಅತಿಥಿಗಳಿದ್ದ ದಿನದ ಖರೀದಿ, ಇಲ್ಲದ ದಿನದ ಖರೀದಿ ಬೇರೆಯಾಗುತ್ತವೆ. ಜೆಫರ್ಸನ್‌ನ ನಿತ್ಯದ ರುಚಿಗೆ ಹತ್ತಿರವಾದದ್ದು ಎರಡನೆಯದು. ಒಂದು ಎಚ್ಚರಿಕೆ: ಔತಣಕ್ಕೆ ಹಿಂದಿನ ದಿನವೇ ಕೊಂಡಿರಬಹುದು, ಆದ್ದರಿಂದ ಔತಣದ ಹಿಂದಿನ ದಿನವನ್ನೂ ಬದಿಗಿಡಬೇಕು.

ಲೆಮೇರ್ ಕಿರ್ದಿಯ ಉಪಯೋಗ ವಾಷಿಂಗ್ಟನ್‌ಗೇ ಮುಗಿಯುವುದಿಲ್ಲ. ಮಾಂಟಿಸೆಲೊದಿಂದ ಕರೆತಂದ ಗುಲಾಮ ಹೆಣ್ಣುಮಕ್ಕಳು ಈಡಿತ್ ಫಾಸೆಟ್ ಮತ್ತು ಫ್ರಾನ್ಸಿಸ್ ಹರ್ನ್ ಅಧ್ಯಕ್ಷ ಭವನದ ಬಾಣಸಿಗ ಒನೊರೆ ಜೂಲಿಯೆನ್ ಕೈಕೆಳಗೆ ಅಡುಗೆ ಕಲಿತರು. 1809ರ ನಂತರ ಮಾಂಟಿಸೆಲೊದ ಅಡುಗೆಮನೆ ನಡೆಸಿದವರು ಅವರೇ. ನಿವೃತ್ತಿಯ ಹದಿನೇಳು ವರ್ಷ ಜೆಫರ್ಸನ್ ಉಂಡದ್ದು ಅವರ ಕೈ ಅಡುಗೆ. ಅವರಿಬ್ಬರು ಹೇಳಿದ ನೆನಪು ಎಲ್ಲೂ ಬರಹಕ್ಕೆ ಇಳಿದಿಲ್ಲ. ಈ ಇಡೀ ಸಾಮಗ್ರಿಯಲ್ಲಿ ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿಲ್ಲ.

ಹಂತ 5: ಮಾಂಸ ಮತ್ತು ವೈನ್

ಮಾಂಸದ ವಿಷಯಕ್ಕೆ ಬೇಕನ್ ಒಳ್ಳೆಯ ಸಾಕ್ಷಿ, ಗುಲಾಮರಿಗೆ ಮಾಂಸ ಅಳೆದು ಕೊಡುತ್ತಿದ್ದವನೇ ಅವನು. ಜೆಫರ್ಸನ್ ಹೆಚ್ಚು ತಿನ್ನುವವನಲ್ಲ, ಹಂದಿಮಾಂಸ ಅಪರೂಪ, ಒಬ್ಬ ಆಳಿಗೆ ಒಂದು ವಾರಕ್ಕೆ ಕೊಡುವುದು ತನಗೆ ಆರು ತಿಂಗಳಿಗಾಗುತ್ತದೆ ಎಂದು ಜೆಫರ್ಸನ್ನೇ ಹೇಳುತ್ತಿದ್ದ, ಇಷ್ಟದ್ದು ಗಿನಿಕೋಳಿ, ದನದ ಮಾಂಸ, ಕುರಿ. ಹೀಗೆಂದ ಬೇಕನ್ನೇ ಇನ್ನೊಂದು ಮಾತನ್ನೂ ಹೇಳುತ್ತಾನೆ: ಜೆಫರ್ಸನ್‌ಗೆ ಕಾರ್ಯದರ್ಶಿಯಾಗಿದ್ದ ಮೆರಿವೆದರ್ ಲೂಯಿಸ್‌ನ ತಾಯಿ ಒಳ್ಳೆಯ ಹ್ಯಾಮ್ ಮಾಡುತ್ತಿದ್ದಳು, ಪ್ರತಿ ವರ್ಷ ಅದರಲ್ಲಿ ಕೆಲವನ್ನು ಜೆಫರ್ಸನ್‌ಗೆಂದೇ ತರುತ್ತಿದ್ದೆ. ಹ್ಯಾಮ್ ಎಂದರೆ ಹಂದಿಯ ಇಡೀ ತೊಡೆ. ಆರು ತಿಂಗಳ ಮಾತನ್ನು ಅಕ್ಷರಶಃ ಹಿಡಿದರೆ ಈ ಹ್ಯಾಮ್‌ಗಳಿಗೆ ಜಾಗವಿಲ್ಲ. ‘ಕಡಿಮೆ ತಿನ್ನುತ್ತಿದ್ದ, ಆರಿಸಿ ತಿನ್ನುತ್ತಿದ್ದ’ ಎಂಬ ಸಾರ ಮಾತ್ರ ನಿಲ್ಲುತ್ತದೆ. ಅಟ್ಲಿಗೆ ಬರೆದ ಪತ್ರ ಇದಕ್ಕೆ ಹೊಂದುತ್ತದೆ: ತರಕಾರಿಯೇ ಮುಖ್ಯ ಆಹಾರ, ಮಾಂಸ ಅದಕ್ಕೆ ರುಚಿ ಕೊಡುವ ವ್ಯಂಜನದಂತೆ. ವೆಬ್‌ಸ್ಟರ್ ಮಾತು ತುಸು ಸಡಿಲ. ಬೆಳಗಿನ ತಿಂಡಿಗೆ ಒಲೆಯಿಂದ ಆಗಷ್ಟೇ ತೆಗೆದ ಬಿಸಿ ಬ್ರೆಡ್ಡು, ಒಮ್ಮೊಮ್ಮೆ ತಣ್ಣನೆಯ ಮಾಂಸ. ಮಧ್ಯಾಹ್ನ ಮಾಂಸದ ಜೊತೆ ತರಕಾರಿ ಧಾರಾಳ. ಹೊರಗಿನವನು ಕಂಡದ್ದಕ್ಕೂ ತಾನೇ ಬರೆದುಕೊಂಡದ್ದಕ್ಕೂ ಇಷ್ಟು ಅಂತರವಿದ್ದರೆ ಹೊರಗಿನವನ ಕಡೆಗೆ ತಕ್ಕಡಿ ಸ್ವಲ್ಪ ವಾಲಿಸುವುದು ಒಳ್ಳೆಯದು.

ವೈನ್‌ಗೆ ಅಂಕಿ ಸಿಗುತ್ತದೆ. 1804ರಲ್ಲಿ ಜೆಫರ್ಸನ್ ಮಾಡಿದ ಲೆಕ್ಕ: ಬಂದ ಶಾಂಪೇನ್ 247 ಬಾಟಲಿ, ಉಳಿದದ್ದು 40, ಖರ್ಚಾದದ್ದು 207, ಊಟಕ್ಕೆ ಬಂದವರು 651 ಮಂದಿ, ಅಂದರೆ ಮೂರು ಮತ್ತು ಏಳನೇ ಒಂದು ಜನಕ್ಕೆ ಒಂದು ಬಾಟಲಿ. ಭಾಗಿಸಿ ನೋಡಿದರೆ ಸರಿಯಾಗಿದೆ. ಇದನ್ನು ಹಿಡಿದು ಜೆಫರ್ಸನ್ ದಿನಕ್ಕೆ ಬಾಟಲಿಯ ಮೂರನೇ ಒಂದು ಭಾಗ ಕುಡಿಯುತ್ತಿದ್ದ ಎಂದು ಬರೆದರೆ ಮೊಟ್ಟೆಯ ತಪ್ಪೇ ಮರುಕಳಿಸುತ್ತದೆ. ಇದು ಅತಿಥಿಗಳ ಬಾಯಾರಿಕೆಯ ಅಳತೆ. ಮುಂದಿನ ವರ್ಷಕ್ಕೆ ಎಷ್ಟು ತರಿಸಬೇಕೆಂದು ತಿಳಿಯಲು ಅವನು ಹಾಕಿದ ಲೆಕ್ಕ. ಅವನ ಸ್ವಂತ ಅಳತೆ ಅಟ್ಲಿ ಪತ್ರದಲ್ಲಿದೆ: ಒಂದೂವರೆ ಗ್ಲಾಸಿನ ದುಪ್ಪಟ್ಟು, ಗೆಳೆಯರಿದ್ದರೆ ಮೂರುಪಟ್ಟು, ಅದೂ ತೆಳು ವೈನ್ ಮಾತ್ರ. ಮೂರರಿಂದ ನಾಲ್ಕೂವರೆ ಗ್ಲಾಸು ಎಂದಾಯಿತು. ಆಗಿನ ಗ್ಲಾಸು ಇಂದಿನದಕ್ಕಿಂತ ಚಿಕ್ಕದು, ಆದ್ದರಿಂದ ಮಿಲಿಲೀಟರಿಗೆ ಇಳಿಸುವ ಆಸೆ ಬೇಡ. ಮೇಜಿನ ಮೇಲೆ ಆಂಟಿಗುವಾದ ಹಳೆಯ ರಮ್ಮೂ ಇರುತ್ತಿತ್ತೆಂದು ಐಸಾಕ್ ನೆನೆಯುತ್ತಾನೆ, ಜೊತೆಗೆ ಯಜಮಾನನಿಗೆ ಇಷ್ಟ ನೀರು ಬೆರೆಸಿದ ವೈನ್, ಅಮಲೇರಿದ್ದನ್ನು ಕೇಳಿಯೇ ಇಲ್ಲ ಎಂದೂ ಹೇಳುತ್ತಾನೆ. ತಾನು ಬಟ್ಟಿ ಇಳಿಸಿದ ಮದ್ಯ ಮುಟ್ಟುವುದೇ ಇಲ್ಲ ಎಂಬ ಪತ್ರದ ಮಾತಿಗೆ ಇದು ಎದುರು ನಿಲ್ಲುವುದಿಲ್ಲ. ರಮ್ ಮೇಜಿನ ಸಾಲಿಗೆ ಹೋಯಿತು, ನೀರು ಬೆರೆಸಿದ ವೈನ್ ಮನುಷ್ಯನ ಸಾಲಿಗೆ.

ಹಂತ 6: ಮುಂಜಾನೆ, ಕೂಡದ ಸಾಲು

ಏಳುವ ಹೊತ್ತಿಗೆ ಎಲ್ಲ ಸಾಕ್ಷಿಯೂ ಒಂದೇ. ಸೂರ್ಯ ಅವನನ್ನು ಹಾಸಿಗೆಯಲ್ಲಿ ಕಂಡದ್ದಿಲ್ಲ ಎಂದು ಬೇಕನ್. ಮಲಗುವುದು ತಡವಾದರೂ ಸೂರ್ಯನೊಡನೆ ಏಳುತ್ತೇನೆ ಎಂದು ಪತ್ರ. ಮಂಚದ ಎದುರಿನ ಗಡಿಯಾರದ ಮುಳ್ಳು ಕಾಣುವಷ್ಟು ಬೆಳಕಾದೊಡನೆ ಎದ್ದು, ನೇರ ಥರ್ಮಾಮೀಟರ್ ನೋಡುತ್ತಾನೆ ಎಂದು ವೆಬ್‌ಸ್ಟರ್. ಇವೆಲ್ಲಕ್ಕಿಂತ ಗಟ್ಟಿ ಆಧಾರ ಅವನ ಹವಾಮಾನ ಟಿಪ್ಪಣಿ: ದಿನಕ್ಕೆ ಎರಡು ಅಂಕಿ, ಒಂದು ಬೆಳಗಾದಷ್ಟು ಬೇಗ, ಇನ್ನೊಂದು ಮಧ್ಯಾಹ್ನ ಮೂರು ನಾಲ್ಕರ ನಡುವೆ. ಅಭ್ಯಾಸದ ಬಗ್ಗೆ ಹೇಳಿದ ಮಾತಿಗಿಂತ ಅಭ್ಯಾಸ ಬಿಟ್ಟುಹೋದ ಗುರುತನ್ನು ಹೆಚ್ಚು ನಂಬಬಹುದು. ಆರು ದಶಕದಿಂದ ದಿನಾ ಬೆಳಗ್ಗೆ ತಣ್ಣೀರಿನಲ್ಲಿ ಪಾದ ಅದ್ದುತ್ತಿದ್ದೇನೆ ಎಂಬುದಕ್ಕೆ ಅಂಥ ಗುರುತಿಲ್ಲ, ಅದು ‘ಸ್ವಂತ ಹೇಳಿಕೆ’ ಎಂದೇ ಉಳಿಯಿತು.

ತೊಡಕು ಬೆಂಕಿಯದು. ಊರಲ್ಲಿದ್ದಾಗ ತನ್ನ ಕೋಣೆಯಲ್ಲಿ ಬೆಂಕಿ ಹೊತ್ತಿಸಲು ಜೆಫರ್ಸನ್ ಆಳನ್ನು ಬಿಡುತ್ತಲೇ ಇರಲಿಲ್ಲ ಎಂದು ಬೇಕನ್. ಒಣ ಸೌದೆಯ ಪೆಟ್ಟಿಗೆ ಕೋಣೆಯಲ್ಲೇ ಇರುತ್ತಿತ್ತು. ಹೊರಗೆ ಹೋಗುವಾಗ ಕೆಂಡದ ಮೇಲೆ ಬೂದಿ ಮುಚ್ಚುತ್ತಿದ್ದ, ಬಂದ ಮೇಲೆ ಬೂದಿ ಸರಿಸಿ ತಾನೇ ಸೌದೆ ಇಡುತ್ತಿದ್ದ. ನಮ್ಮ ಹಳ್ಳಿಯ ಒಲೆ ಕಂಡವರಿಗೆ ಇದು ಕಣ್ಣಿಗೆ ಕಟ್ಟುತ್ತದೆ. ಇಸ್ರೇಲ್ ಹೇಳುವುದು ಬೇರೆ: ಹದಿನಾಲ್ಕು ವರ್ಷ ಅವನ ಮಲಗುವ ಕೋಣೆಯ ಬೆಂಕಿ ಹೊತ್ತಿಸಿದವನು ನಾನು, ಕಚೇರಿ ಗುಡಿಸಿ ಪುಸ್ತಕಗಳ ಧೂಳು ಹೊಡೆದವನು ನಾನು.

ಇಸ್ರೇಲ್ ಹುಟ್ಟಿದ್ದು 1800ರಲ್ಲಿ. 1826ರಿಂದ ಹಿಂದಕ್ಕೆ ಎಣಿಸಿದರೆ ಅವನ ಹದಿನಾಲ್ಕು ವರ್ಷ 1812ರಲ್ಲಿ ಶುರು. ಬೇಕನ್ 1822ರಲ್ಲಿ ಬಿಟ್ಟುಹೋದ. ಹತ್ತು ವರ್ಷ ಇಬ್ಬರೂ ಅಲ್ಲೇ, ಇಬ್ಬರ ಮಾತೂ ಒಂದೇ ಅಗ್ಗಿಷ್ಟಿಕೆಯದು.

ಮೊದಲು ಮಾಡಿದ ರಾಜಿ: ನಸುಕಿನಲ್ಲಿ ಕೆಂಡ ಕೆದಕಿದ್ದು ಜೆಫರ್ಸನ್, ಆಮೇಲೆ ಬೂದಿ ತೆಗೆದು ಸೌದೆ ತುಂಬಿದ್ದು ಇಸ್ರೇಲ್. ಇದು ಓದಲು ಚೆಂದ, ಆದರೆ ಆಧಾರವಿಲ್ಲ. ಬೆಳಗ್ಗೆ ಮಾತ್ರವಲ್ಲ, ಬೇರೆ ಯಾವ ಹೊತ್ತಿನಲ್ಲೂ ಬಿಡುತ್ತಿರಲಿಲ್ಲ ಎಂದು ಬೇಕನ್ ಒತ್ತಿ ಹೇಳಿದ್ದಾನೆ. ಎರಡು ಸಾಕ್ಷಿಗಳನ್ನು ಹೊಂದಿಸಲು ಮೂರನೇ ಕತೆ ಕಟ್ಟಿದ್ದು ಈ ಕೆಲಸದಲ್ಲಿ ಆದ ಅತಿ ದೊಡ್ಡ ತಪ್ಪು. ಅದನ್ನು ಅಳಿಸಲಾಯಿತು.

ನಿಂತ ಜಾಗದ ಪರೀಕ್ಷೆ ಮಾಡಿದರೆ, ಬೇಕನ್ ಮುಂಜಾನೆ ಬಂದಾಗ ಜೆಫರ್ಸನ್ ಸಿಗುತ್ತಿದ್ದದ್ದು ಹೊರಗೆ ಜಗಲಿಯ ಮೇಲೆ ಅಡ್ಡಾಡುತ್ತ. ಕೋಣೆಯೊಳಗಿನ ದಿನನಿತ್ಯದ ಕೆಲಸಕ್ಕೆ ಮೇಲ್ವಿಚಾರಕ ಹತ್ತಿರದ ಸಾಕ್ಷಿಯಲ್ಲ. ಇಸ್ರೇಲ್ ಮಾತಿಗೆ ಎದುರಾಳಿ ಇದ್ದಾನೆ: ಜೆಫರ್ಸನ್ ಮೊಮ್ಮಗ ಥಾಮಸ್ ಜೆಫರ್ಸನ್ ರ‍್ಯಾಂಡಾಲ್ಫ್ ಅದನ್ನು ಓದಿ ಸಿಟ್ಟಿನಿಂದ ಪತ್ರ ಬರೆದು, ಇಸ್ರೇಲ್‌ಗೆ ಮನೆಯೊಳಗೆ ನಂಬಿಕೆಯ ಯಾವ ಕೆಲಸವೂ ಇರಲಿಲ್ಲ ಎಂದ. ಆದರೆ ತಾನು ಜೆಫರ್ಸನ್ ಮತ್ತು ಅವನ ಮನೆಯ ಗುಲಾಮ ಹೆಣ್ಣು ಸ್ಯಾಲಿ ಹೆಮಿಂಗ್ಸ್‌ರ ಮಗ ಎಂಬ ಮ್ಯಾಡಿಸನ್ ಮಾತನ್ನು ಅದೇ ಬರಹದಲ್ಲಿ ಇಸ್ರೇಲ್ ಸಮರ್ಥಿಸಿದ್ದ. ಇಸ್ರೇಲ್ ಕೋಣೆಯೊಳಗೆ ಇದ್ದನೆಂದು ಒಪ್ಪಿದರೆ ಆ ಮಾತನ್ನೂ ಕೇಳಬೇಕಾಗುತ್ತಿತ್ತು. ರ‍್ಯಾಂಡಾಲ್ಫ್ ಪತ್ರವನ್ನು ಓದುವಾಗ ಇದು ಎದುರಿಗಿರಬೇಕು.

ಲೆಕ್ಕಪುಸ್ತಕದಿಂದ ಇತ್ಯರ್ಥವಾಗುತ್ತದೆಯೇ ಎಂದು ಹುಡುಕಿದ್ದು ಕೊನೆಯ ಪ್ರಯತ್ನ. ವಾಷಿಂಗ್ಟನ್‌ನಲ್ಲಿ ಸಂಬಳದ ಆಳುಗಳ ಹೆಸರು, ತಿಂಗಳ ಮೊತ್ತ ಸಿಗುತ್ತವೆ. ಮಾಂಟಿಸೆಲೊದಲ್ಲಿ ಸಿಗುವುದಿಲ್ಲ. ಗುಲಾಮನ ದುಡಿಮೆಗೆ ಕೂಲಿಯಿಲ್ಲ, ಕೂಲಿಯಿಲ್ಲದ ಕೆಲಸ ಖರ್ಚಿನ ಪುಸ್ತಕ ಸೇರುವುದಿಲ್ಲ. ಜೆಫರ್ಸನ್ ಕುದುರೆಯ ಲಾಳಕ್ಕೆ ಕೊಟ್ಟ ದುಡ್ಡೂ ಐವತ್ತೊಂಬತ್ತು ವರ್ಷದ ಆ ಟಿಪ್ಪಣಿಯಲ್ಲಿ ಸಿಗುತ್ತದೆ, ತನ್ನ ಕೋಣೆಗೆ ಬೆಂಕಿ ತಂದವನ ಹೆಸರು ಸಿಗುವುದಿಲ್ಲ.

ಹಾಳೆಯಲ್ಲಿ ಆ ಸಾಲು ಈಗ ಹೀಗಿದೆ. ‘ಬೆಂಕಿ, 1806–1812: ಜೆಫರ್ಸನ್ ತಾನೇ (ಬೇಕನ್, ಹೊರಗಿನ ಸಾಕ್ಷಿ). 1812–1822: ಜೆಫರ್ಸನ್ ತಾನೇ (ಬೇಕನ್) / ಇಸ್ರೇಲ್ (ಸ್ವಂತ ಹೇಳಿಕೆ, ಒಳಗಿನ ಕೆಲಸ, ರ‍್ಯಾಂಡಾಲ್ಫ್ ಆಕ್ಷೇಪ). 1822–1826: ಇಸ್ರೇಲ್. ಲೆಕ್ಕಪುಸ್ತಕ: ಖಾಲಿ.’